ಮಳೆ ನಿಂತರೂ ಬಾರದ ಸಿಗ್ನಲ್: ನಮ್ಮ ತಾರಸಿಯ ಡಿಶ್ ಕಥೆ

ಭಾನುವಾರ ರಾತ್ರಿ

ಮೈಸೂರಿನ ಮೇ ತಿಂಗಳ ಮಾಮೂಲಿ ಮಳೆ. ಐದೂವರೆಗೆ ಗಾಳಿ, ಆರಕ್ಕೆ ಗುಡುಗು, ಆಮೇಲೆ ಮುಕ್ಕಾಲು ಗಂಟೆ ಧೋ ಅಂತ ಸುರಿಯಿತು. ಅಮ್ಮ ಚಂದನ ನೋಡುತ್ತಿದ್ದರು. ಚಿತ್ರ ಮೊದಲು ಚೌಕ ಚೌಕವಾಗಿ ಒಡೆಯಿತು, ಆಮೇಲೆ ಪರದೆ ಮೇಲೆ "Weak Signal" ಅಂತ ಬಂತು. ಇದು ನಮ್ಮ ಮನೆಗೆ ಹೊಸದಲ್ಲ. ಡಿಡಿ ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ, ಸುಮಾರು 11 ಗಿಗಾಹರ್ಟ್ಸ್‌ನಲ್ಲಿ. ಆ ಅಲೆಗಳ ಉದ್ದ ಮೂರು ಸೆಂಟಿಮೀಟರಿಗಿಂತ ಕಡಿಮೆ. ದಪ್ಪ ಹನಿ ಬಿದ್ದರೆ ಹನಿಗಳೇ ಅದನ್ನು ಹೀರಿ, ಚೆದುರಿಸಿಬಿಡುತ್ತವೆ. ಜೋರು ಕಡಿಮೆಯಾದ ಐದು ಹತ್ತು ನಿಮಿಷದಲ್ಲಿ ತಾನಾಗೇ ಸರಿಹೋಗುತ್ತದೆ.

ಇವತ್ತು ಸರಿಹೋಗಲಿಲ್ಲ. ಮಳೆ ನಿಂತು ಎರಡು ಗಂಟೆಯಾಯಿತು, ಆಕಾಶದಲ್ಲಿ ನಕ್ಷತ್ರ ಕಾಣುತ್ತಿದೆ, ಚಂದನ ಮಾತ್ರ ಬಂದಿಲ್ಲ.

ಎದುರು ಮನೆ ಅಂಕಲ್ ಕಾಂಪೌಂಡಿನಿಂದಲೇ ಹೇಳಿದರು: "ಬೆಟ್ಟದ ಮೇಲೆ ಇನ್ನೂ ಮಳೆ ಇರಬೇಕು ಕಣಪ್ಪ. ನಿಮ್ಮ ಡಿಶ್ ಅತ್ತ ಕಡೆನೇ ಅಲ್ವಾ ನೋಡ್ತಿರೋದು?"

ಅವರು ಹೇಳಿದ್ದರಲ್ಲಿ ಅರ್ಧ ನಿಜ. ಉಪಗ್ರಹ ಇರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ. ಮೈಸೂರಿನಿಂದ ನೋಡಿದರೆ ಅದು ಆಗ್ನೇಯಕ್ಕೆ, ಉತ್ತರದಿಂದ ಪ್ರದಕ್ಷಿಣೆಯಾಗಿ ಲೆಕ್ಕ ಹಾಕಿದರೆ ಸುಮಾರು 125 ಡಿಗ್ರಿ. ಸರಸ್ವತಿಪುರಂನ ನಮ್ಮ ತಾರಸಿಯಿಂದ ಚಾಮುಂಡಿ ಬೆಟ್ಟ ಸರಿಯಾಗಿ ಅದೇ ದಿಕ್ಕಿನಲ್ಲಿದೆ. ಆದರೆ ಡಿಶ್ ಬೆಟ್ಟವನ್ನು ನೋಡುತ್ತಿಲ್ಲ, ಅದಕ್ಕಿಂತ ಎಷ್ಟೋ ಮೇಲೆ ನೋಡುತ್ತಿದೆ. ಏರುಕೋನ ಸುಮಾರು 66 ಡಿಗ್ರಿ. ಮಳೆ ಹನಿ ಇರುವುದು ಸುಮಾರು ಐದು ಕಿಲೋಮೀಟರ್ ಎತ್ತರದವರೆಗೆ, ಅದರ ಮೇಲೆ ಇರುವುದು ಹಿಮದ ಹರಳು, ಅದು ಸಿಗ್ನಲ್ಲಿಗೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಲೆಕ್ಕ ಹಾಕಿದರೆ ನಮ್ಮ ಮನೆಯಿಂದ ಎರಡೂಕಾಲು ಕಿಲೋಮೀಟರ್ ಒಳಗಿನ ಮಳೆ ಮಾತ್ರ ಲೆಕ್ಕಕ್ಕೆ. ಬೆಟ್ಟ ಐದೂವರೆ ಕಿಲೋಮೀಟರಿಗಿಂತ ದೂರ. ಅಲ್ಲಿಗೆ ಹೋಗುವಷ್ಟರಲ್ಲಿ ನಮ್ಮ ಕಿರಣ ಹನ್ನೆರಡು ಕಿಲೋಮೀಟರ್ ಮೇಲಿರುತ್ತದೆ.

ಹಾಗಾಗಿ ಬೆಟ್ಟದ ತಪ್ಪಿಲ್ಲ. ಸೆಟ್‌ಟಾಪ್ ಬಾಕ್ಸಿನ ಮೆನುಗೆ ಹೋದೆ. ಅಲ್ಲಿ ಎರಡು ಪಟ್ಟಿ ಇರುತ್ತವೆ, "Signal Strength" ಮತ್ತು "Signal Quality". ಡಿಶ್ ಕೂಡಿಸಿದ ದಿನ ಬರೆದು ಬಾಕ್ಸಿನ ಬೆನ್ನಿಗೆ ಅಂಟಿಸಿದ್ದ ಚೀಟಿ ಇನ್ನೂ ಇದೆ: 82 ಮತ್ತು 71. ಈ ಶೇಕಡಾ ಅಂಕಿಗಳು ಒಂದೊಂದು ಬಾಕ್ಸಿನಲ್ಲಿ ಒಂದೊಂದು ಥರ, ಬೇರೆಯವರ ಬಾಕ್ಸಿಗೆ ಹೋಲಿಸಿ ಪ್ರಯೋಜನವಿಲ್ಲ. ಅದಕ್ಕೇ ಚೀಟಿ.

ಇವತ್ತು ಓದಿದ್ದು 49 ಮತ್ತು 20.

ಇಲ್ಲೇ ನನಗೆ ಅನುಮಾನ ಬರಬೇಕಿತ್ತು. ಮಳೆಯಿಂದ ಸಿಗ್ನಲ್ ಕೆಟ್ಟಾಗ ಕ್ವಾಲಿಟಿ ಕುಸಿಯುತ್ತದೆ, ಸ್ಟ್ರೆಂತ್ ಮಾತ್ರ ಅಷ್ಟೇನೂ ಇಳಿಯುವುದಿಲ್ಲ. ಯಾಕೆಂದರೆ ಸ್ಟ್ರೆಂತ್ ಅನ್ನುವುದು ಕೇಬಲ್ಲಿನಲ್ಲಿ ಬರುವ ಒಟ್ಟು ಮೊತ್ತ, ಸಿಗ್ನಲ್ಲೂ ಅದರ ಜೊತೆ ಬರುವ ಬೇಡದ ಅಲೆಗಳ ಸದ್ದೂ ಸೇರಿ. ಮಳೆ ಸಿಗ್ನಲ್ಲನ್ನು ಕಡಿಮೆ ಮಾಡುತ್ತದೆ, ಆದರೆ ತನ್ನದೇ ಸದ್ದನ್ನು ಸೇರಿಸುತ್ತದೆ. ಸ್ಟ್ರೆಂತೇ 82ರಿಂದ 49ಕ್ಕೆ ಬಿದ್ದಿದೆ ಅಂದರೆ ಡಿಶ್ ಮುಂದೆ ಕೂತು ಸಿಗ್ನಲ್ ಹಿಡಿದು ಕೇಬಲ್ಲಿಗೆ ಕೊಡುವ ಎಲ್‌ಎನ್‌ಬಿಯಿಂದ ಬಾಕ್ಸಿನವರೆಗಿನ ದಾರಿಯಲ್ಲಿ ಯಾರೋ ನುಂಗುತ್ತಿದ್ದಾರೆ. ನಾನು ಅಷ್ಟು ಯೋಚಿಸಲಿಲ್ಲ. "ಎಲ್‌ಎನ್‌ಬಿ ಹೋಗಿದೆ" ಅಂದುಕೊಂಡು ಮಲಗಿದೆ.

ಸೋಮವಾರ

ಶಿವರಾಂಪೇಟೆಯ ಎಲೆಕ್ಟ್ರಿಕಲ್ ಅಂಗಡಿಯಿಂದ ಹೊಸ ಎಲ್‌ಎನ್‌ಬಿ ತಂದೆ. ಹಾಕಿದೆ. ಚಂದನ ಬಂತು! ಅಮ್ಮನಿಗೆ ಖುಷಿ, ನನಗೆ ಇನ್ನೂ ಖುಷಿ.

ಸಂಜೆ ಹತ್ತೇ ನಿಮಿಷದ ತುಂತುರಿಗೆ ಮತ್ತೆ ಹೋಯಿತು.

ಮಂಗಳವಾರ

ಈಗ ಗೊತ್ತಾಗಿದ್ದು: ನಿನ್ನೆ ಸರಿಯಾಗಿದ್ದು ಹೊಸ ಎಲ್‌ಎನ್‌ಬಿಯಿಂದಲ್ಲ. ಹಳೆಯದನ್ನು ಬಿಚ್ಚಿ ಹೊಸದಕ್ಕೆ ಕೇಬಲ್ ತಿರುಗಿಸುವಾಗ ನಡುವಿನ ತಂತಿ ಉಜ್ಜಿಕೊಂಡು ಸ್ವಲ್ಪ ಹೊತ್ತು ಸರಿಯಾಗಿ ತಾಗಿತ್ತು, ಅಷ್ಟೇ. ಸಾಲದ್ದಕ್ಕೆ ಮಧ್ಯಾಹ್ನದ ಬಿಸಿಲೂ ಇತ್ತು.

ಬೆಳಿಗ್ಗೆ ಚಾನೆಲ್ ಒಂದೊಂದಾಗಿ ನೋಡಿದೆ. ಕೆಲವು ಸರಾಗವಾಗಿ ಬರುತ್ತಿದ್ದವು, ಕೆಲವು ಇಲ್ಲವೇ ಇಲ್ಲ. ಉಪಗ್ರಹದಲ್ಲಿ ಒಂದೊಂದು ಗುಂಪು ಚಾನೆಲ್ಲನ್ನು ಒಂದೊಂದು ಫ್ರೀಕ್ವೆನ್ಸಿಯಲ್ಲಿ ಕಳಿಸುವುದು ಒಂದೊಂದು ಟ್ರಾನ್ಸ್‌ಪಾಂಡರ್. ಮೆನುವಿನಲ್ಲಿ ಅದನ್ನು ಬದಲಿಸುತ್ತಾ ಓದಿದರೆ ವಿಷಯ ಸ್ಪಷ್ಟವಾಯಿತು. 11090 ಮೆಗಾಹರ್ಟ್ಸ್‌ನಲ್ಲಿ ಸ್ಟ್ರೆಂತ್ 66, ಕ್ವಾಲಿಟಿ 54. 11550ರಲ್ಲಿ 47 ಮತ್ತು 18. ಎರಡೂ ಒಂದೇ ಉಪಗ್ರಹ, ಒಂದೇ ಡಿಶ್, ಒಂದೇ ಆಕಾಶ. ಡಿಶ್ ಗಾಳಿಗೆ ಅಲುಗಾಡಿ ತಿರುಗಿದ್ದರೆ ಎರಡೂ ಹೆಚ್ಚು ಕಡಿಮೆ ಒಟ್ಟಿಗೇ ಬೀಳಬೇಕಿತ್ತು.

ವ್ಯತ್ಯಾಸ ಇರುವುದು ಕೇಬಲ್ಲಿನ ಒಳಗೆ. ಎಲ್‌ಎನ್‌ಬಿ ಆ ದೊಡ್ಡ ಫ್ರೀಕ್ವೆನ್ಸಿಯನ್ನು ಹಾಗೇ ಕೆಳಗೆ ಕಳಿಸುವುದಿಲ್ಲ, ಅದರಲ್ಲಿ 9750 ಕಳೆದು ಕಳಿಸುತ್ತದೆ. ಹಾಗಾಗಿ 11090 ಅನ್ನುವುದು ಕೇಬಲ್ಲಿನಲ್ಲಿ 1340 ಮೆಗಾಹರ್ಟ್ಸ್ ಆಗಿ ಇಳಿಯುತ್ತದೆ, 11550 ಅನ್ನುವುದು 1800 ಆಗಿ. ಕೇಬಲ್ ಯಾವಾಗಲೂ ಮೇಲಿನ ಫ್ರೀಕ್ವೆನ್ಸಿಯನ್ನು ಜಾಸ್ತಿ ತಿನ್ನುತ್ತದೆ. ಒಣಗಿದ ಕೇಬಲ್ಲಿನಲ್ಲಿ ಇಪ್ಪತ್ತು ಮೀಟರಿಗೆ ಅದು ಗೊತ್ತೇ ಆಗುವುದಿಲ್ಲ. ನೀರು ಸೇರಿದರೆ ಗೊತ್ತಾಗುತ್ತದೆ. ಮೇಲಿನ ಚಾನೆಲ್ ಮೊದಲು ಸಾಯುತ್ತವೆ, ಕೆಳಗಿನವು ಹೇಗೋ ಬದುಕಿಕೊಳ್ಳುತ್ತವೆ.

ಖಚಿತ ಮಾಡಿಕೊಳ್ಳಲು ಬಾಕ್ಸನ್ನೂ ಹಳೆಯ ಚಿಕ್ಕ ಟಿವಿಯನ್ನೂ ತಾರಸಿಗೆ ಹೊತ್ತೆ. ಎರಡು ಮೀಟರಿನ ಒಳ್ಳೆಯ ತುಂಡು ಕೇಬಲ್ಲಿನಿಂದ ನೇರವಾಗಿ ಎಲ್‌ಎನ್‌ಬಿಗೆ ಕೊಟ್ಟೆ. 84 ಮತ್ತು 72, ಎರಡೂ ಟ್ರಾನ್ಸ್‌ಪಾಂಡರಿನಲ್ಲಿ ಹತ್ತಿರ ಹತ್ತಿರ ಅಷ್ಟೇ. ಹಳೆಯ ಎಲ್‌ಎನ್‌ಬಿ ಹಾಕಿ ನೋಡಿದೆ. ಅದೂ ಅಷ್ಟೇ ಚೆನ್ನಾಗಿತ್ತು. ಮುನ್ನೂರು ರೂಪಾಯಿ ಸುಮ್ನೆ ದಂಡ. ಈ ಪರೀಕ್ಷೆಯನ್ನು ಮೊದಲೇ ಮಾಡಬೇಕಿತ್ತು. ಮಾಡದೇ ಇದ್ದದ್ದಕ್ಕೆ ಕಾರಣ ಸೋಮಾರಿತನ, ಬೇರೇನಿಲ್ಲ.

ಬುಧವಾರ

ಕೇಬಲ್ ತೆಗೆಯುವ ಮುಂಚೆ ಬಾಕ್ಸಿನ ಪ್ಲಗ್ ಕಿತ್ತೆ. ಎಲ್‌ಎನ್‌ಬಿಗೆ ಕರೆಂಟ್ ಹೋಗುವುದು ಇದೇ ಕೇಬಲ್ಲಿನಲ್ಲಿ, 13 ಅಥವಾ 18 ವೋಲ್ಟ್. ಬಾಕ್ಸ್ ಆನ್ ಇರುವಾಗ ನಡುವಿನ ತಂತಿ ಹೊರಗಿನ ಜಾಲರಿಗೆ ತಾಗಿದರೆ ಬಾಕ್ಸಿನ ಒಳಗಿನ ಸಪ್ಲೈ ಸುಟ್ಟುಹೋಗಬಹುದು. ಆಮೇಲೆ ಎರಡೂ ತುದಿ ಬಿಚ್ಚಿಟ್ಟು ಮಲ್ಟಿಮೀಟರಿನಲ್ಲಿ ನಡುವಿನ ತಂತಿಗೂ ಜಾಲರಿಗೂ ಮಧ್ಯೆ ಅಳೆದೆ. ಒಳ್ಳೆಯ ಕೇಬಲ್ಲಾದರೆ ಮೀಟರ್ ಏನೂ ತೋರಿಸಬಾರದು. ಇಲ್ಲಿ 38 ಕಿಲೋ ಓಮ್ ತೋರಿಸಿತು. ಎರಡು ತಂತಿಯ ಮಧ್ಯೆ ಸೇತುವೆ ಕಟ್ಟಿರುವುದು ನೀರಲ್ಲದೆ ಇನ್ನೇನು?

ಮೊದಲು ಎಲ್‌ಎನ್‌ಬಿ ತುದಿ ನೋಡಿದೆ. ಅಲ್ಲಿದ್ದದ್ದು ಕೈಯಲ್ಲಿ ತಿರುಗಿಸಿ ಹಾಕುವ ಎಫ್ ಕನೆಕ್ಟರ್. ಅದರ ಮೇಲೆ ಬರಬೇಕಾದ ರಬ್ಬರ್ ಟೋಪಿ ಕೇಬಲ್ಲಿನಲ್ಲೇ ಒಂದು ಅಡಿ ಕೆಳಗೆ ಆರಾಮಾಗಿ ಕೂತಿತ್ತು. ಹಾಕಿದವರು ಪೋಣಿಸಿದ್ದಾರೆ, ಮೇಲಕ್ಕೆ ತಳ್ಳುವುದನ್ನು ಮರೆತಿದ್ದಾರೆ. ಹಾಕಿದವನು ನಾನೇ, ಅದನ್ನೂ ಹೇಳಿಬಿಡುತ್ತೇನೆ. ಕನೆಕ್ಟರ್ ಬಿಚ್ಚಿದರೆ ಜಾಲರಿ ಕಪ್ಪಗೆ, ಅದರ ಕೆಳಗಿನ ಅಲ್ಯೂಮಿನಿಯಂ ಹಾಳೆ ಬಿಳಿ ಪುಡಿ. ಒಂದು ಗೇಣು ಕತ್ತರಿಸಿದೆ, ಕಪ್ಪು. ಇನ್ನೊಂದು ಗೇಣು, ಆಗಲೂ ಕಪ್ಪು. ಒಂದೂವರೆ ಮೀಟರ್ ಕತ್ತರಿಸಿದರೂ ಹೊಳೆಯುವ ಜಾಲರಿ ಸಿಗಲಿಲ್ಲ. ಕೇಬಲ್ಲಿನ ಜಾಲರಿ ದೀಪದ ಬತ್ತಿ ಇದ್ದ ಹಾಗೆ, ಒಮ್ಮೆ ತುದಿಯಲ್ಲಿ ನೀರು ಹಿಡಿದರೆ ಉದ್ದಕ್ಕೂ ಎಳೆದುಕೊಳ್ಳುತ್ತದೆ. ಬಾಕ್ಸ್ ಆನ್ ಇರುವಾಗ ಕೇಬಲ್ಲಿನಲ್ಲಿ ವೋಲ್ಟೇಜ್ ಬೇರೆ ಇರುವುದರಿಂದ ಲೋಹ ಇನ್ನೂ ಬೇಗ ಸವೆಯುತ್ತದೆ.

ಆಮೇಲೆ ಪ್ಯಾರಪೆಟ್ ಹತ್ತಿರದ ಜಾಯಿಂಟ್. ಕೇಬಲ್ ಸಾಲದೆ ಎರಡು ತುಂಡು ಜೋಡಿಸಿ, ಮಾಮೂಲಿ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿದ್ದೆ. ಅದು ಕೇಬಲ್ ಜೋತುಬಿದ್ದ ಜಾಗದ ಸರಿಯಾಗಿ ತಳದಲ್ಲಿತ್ತು. ಟೇಪ್ ಬಿಡಿಸಿದಾಗ ಎರಡು ಹನಿ ನೀರು ಬಿತ್ತು. ಮಳೆ ಬಂದು ಒಂದು ದಿನದ ಮೇಲಾಗಿದೆ! ಟೇಪ್ ನೀರನ್ನು ಹೊರಗಿಡಲಿಲ್ಲ, ಒಳಗೆ ಹೋದದ್ದನ್ನು ಭದ್ರವಾಗಿ ಕಾಪಾಡಿತ್ತು.

ಗುರುವಾರ

ಹೊಸ ಆರ್‌ಜಿ-6 ಕೇಬಲ್ ತಂದೆ, ಇಪ್ಪತ್ತು ಮೀಟರ್, ಜಾಯಿಂಟ್ ಇಲ್ಲದೆ ಒಂದೇ ತುಂಡು. ಅಂಗಡಿಯವರು ಕೇಳಿದರು: "ಸರ್, ಎಲ್‌ಎನ್‌ಬಿ ಚೆನ್ನಾಗಿದೆಯಾ?" ಬಹಳ ಚೆನ್ನಾಗಿದೆ ಅಂದೆ.

ಕನೆಕ್ಟರ್ ಹಾಕುವಾಗ ಈ ಸಲ ಅವಸರ ಮಾಡಲಿಲ್ಲ. ಒಳಗಿನ ಬಿಳಿ ಭಾಗ ಕನೆಕ್ಟರಿನ ಒಳ ತಳಕ್ಕೆ ಸಮವಾಗಿ ನಿಲ್ಲಬೇಕು, ನಡುವಿನ ತಂತಿ ಬಾಯಿಯಿಂದ ಎರಡು ಮೂರು ಮಿಲಿಮೀಟರ್ ಮಾತ್ರ ಹೊರಗೆ ಬರಬೇಕು. ಜಾಲರಿಯ ಒಂದು ಎಳೆ ತಂತಿಗೆ ತಾಗಿದರೂ ಶಾರ್ಟ್. ರಬ್ಬರ್ ಟೋಪಿ ಮೊದಲು ಪೋಣಿಸಿ, ಕೊನೆಗೆ ಮೇಲಕ್ಕೆ ತಳ್ಳಿದೆ. ಅದರ ಮೇಲೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್, ಎಳೆದು ಎಳೆದು ಸುತ್ತಿದೆ. ಸಿಲಿಕೋನ್ ಬಳಿಯೋಣ ಅಂತಿದ್ದೆ, ಟ್ಯೂಬ್ ತೆರೆದರೆ ವಿನೆಗರ್ ವಾಸನೆ. ಆ ಥರದ ಸಿಲಿಕೋನಿನ ಆಮ್ಲ ತಾಮ್ರವನ್ನು ತಿನ್ನುತ್ತದೆ, ಅದನ್ನು ಬಾತ್‌ರೂಮಿಗೆ ಇಟ್ಟುಕೊಂಡೆ. ಗೋಡೆಯೊಳಗೆ ಕೇಬಲ್ ಹೋಗುವ ಕಡೆ ತೂತಿಗಿಂತ ಕೆಳಗೆ ಒಂದು ಇಳಿಜೋಲು ಬಿಟ್ಟೆ, ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕಲಿ ಅಂತ.

ಅಂಕಲ್ ಎಲ್‌ಎನ್‌ಬಿ ಮೂತಿಗೆ ಹಾಲಿನ ಕವರ್ ಕಟ್ಟಲು ಹೇಳಿದರು. ಕಟ್ಟಿ, ಒಂದು ಚೊಂಬು ನೀರು ಸುರಿದು ನೋಡಿದೆ. ಕ್ವಾಲಿಟಿ 72ರಿಂದ 58ಕ್ಕೆ ಇಳಿಯಿತು. ಪ್ಲಾಸ್ಟಿಕ್ ಮೇಲೆ ನೀರು ಹಾಳೆಯ ಹಾಗೆ ಅಂಟಿ ನಿಂತಿತ್ತು. ಬಿಚ್ಚಿಬಿಟ್ಟೆ. ಎಲ್‌ಎನ್‌ಬಿಯ ಮುಚ್ಚಳ ಬಿರುಕು ಬಿಡದೆ ಇದ್ದರೆ ಅದಕ್ಕೆ ಬೇರೆ ರೇನ್‌ಕೋಟ್ ಬೇಡ.

ಒಳಗೆ ಬಂದು ಓದಿದೆ: 11090ರಲ್ಲಿ 83 ಮತ್ತು 72, 11550ರಲ್ಲಿ 81 ಮತ್ತು 70. ಹೊಸ ಚೀಟಿ ಅಂಟಿಸಿದೆ, ಈ ಸಲ ಎರಡೂ ಟ್ರಾನ್ಸ್‌ಪಾಂಡರ್ ಬರೆದು.

ಶನಿವಾರ

ಮಳೆ ಬಂತು, ಭಾನುವಾರದಷ್ಟೇ ಜೋರು. ಗುಡುಗು ಹತ್ತಿರ ಇದ್ದುದರಿಂದ ತಾರಸಿ ಕಡೆ ಹೋಗಲಿಲ್ಲ, ಸೋಫಾದಿಂದಲೇ ಮೆನು ತೆರೆದು ಕೂತೆ. 6:20ಕ್ಕೆ ಕ್ವಾಲಿಟಿ 12ಕ್ಕೆ ಬಿದ್ದು ಚಿತ್ರ ಹೋಯಿತು. ಆದರೆ ಸ್ಟ್ರೆಂತ್ 78ರಲ್ಲೇ ಗಟ್ಟಿಯಾಗಿ ನಿಂತಿತ್ತು.

"ಮತ್ತೆ ಹೋಯ್ತಲ್ಲೋ!" ಅಂದರು ಅಮ್ಮ.

"ಇದು ಬರೀ ಮಳೆಗೆ ಹೋಗಿರೋದು ಕಣಮ್ಮ, ಹತ್ತು ನಿಮಿಷ ತಾಳು."

ಒಂಬತ್ತು ನಿಮಿಷಕ್ಕೆ ಬಂತು. ಹೊರಗೆ ಇನ್ನೂ ಸಣ್ಣಗೆ ಹನಿಯುತ್ತಿತ್ತು.