ಕಾಕಾನ ಮನೆ ಕರಾರು: ಕಂತಿನ ಪಟ್ಟಿಯನ್ನು ತಾಳೆ ನೋಡಿದ್ದು

ಜನವರಿ 3, ಶನಿವಾರ

ವಿಜಯಪುರದಲ್ಲಿ ನಮ್ಮ ಕಾಕಾ ಮನೆ ಕಟ್ಟಿಸುತ್ತಿದ್ದಾರೆ. ನಲವತ್ತು-ಅರವತ್ತರ ಸೈಟು, 1,350 ಚದರ ಅಡಿ ಕಟ್ಟಡ, ಅಡಿಗೆ 1,950 ರೂಪಾಯಿ. ಒಟ್ಟು 26,32,500. ಸಂಕ್ರಾಂತಿ ಮುಗಿದ ಮೇಲೆ ಪಾಯ ತೆಗೆಯುತ್ತಾರೆ, ಅದಕ್ಕೆ ಮೊದಲು 12ನೇ ತಾರೀಖು ಗುತ್ತಿಗೆದಾರರ ಜೊತೆ ಕರಾರಿಗೆ ಸಹಿ. ಟೈಪ್ ಮಾಡಿಸಿದ ಕರಡನ್ನು ಕಾಕಾ ನನಗೆ ಕಳಿಸಿದರು. "ಲೆಕ್ಕಾ ಒಂದ್ಸಲ ನೋಡಪಾ, ನನಗ ಎಲ್ಲಾ ಬರೋಬರಿ ಕಾಣಸ್ತೈತಿ" ಅಂದರು.

ಮೂರನೇ ಪುಟದಲ್ಲಿ ಎಂಟು ಸಾಲಿನ ಕಂತಿನ ಪಟ್ಟಿ ಇದೆ. ಕರಾರಿನ ದಿನ 10%, ಪ್ಲಿಂತ್‌ಗೆ 20, ಲಿಂಟಲ್‌ಗೆ 15, ಸ್ಲ್ಯಾಬ್‌ಗೆ 20, ಗಿಲಾವಿಗೆ 15, ಫರಸಿಗೆ 10, ಬಣ್ಣಕ್ಕೆ 7, ಕೀಲಿ ಕೊಡುವಾಗ 3. ಕೂಡಿದರೆ ಸರಿಯಾಗಿ ನೂರು. ಪಟ್ಟಿಯ ಕೆಳಗೆ ಒಟ್ಟು 26,32,500 ಅಂತ ಅಂಕಿಯಲ್ಲೂ ಇದೆ, ಅಕ್ಷರದಲ್ಲೂ ಇದೆ. ಕಾಕಾ ನೋಡಿದ್ದು ಇವೆರಡನ್ನೇ. ನಡುವಿನ ರೂಪಾಯಿಗಳನ್ನು ಯಾರೂ ಕೂಡಿ ನೋಡಿರಲಿಲ್ಲ.

ಪಟ್ಟಿಯನ್ನು ಗೂಗಲ್ ಶೀಟಿಗೆ ಹಾಕಿದೆ. `B`ಯಲ್ಲಿ % ಗುರುತು ಇಲ್ಲದೆ ಶೇಕಡಾ, `C`ಯಲ್ಲಿ ಮೊತ್ತ, `D`ಯಲ್ಲಿ ತಾರೀಖು, `H1`ನಲ್ಲಿ ಕರಾರಿನ ಒಟ್ಟು ಹಣ. ಕೂಡಿಸಿದರೆ ಬಂದದ್ದು ಸೊನ್ನೆ! ಪ್ರತಿ ಮೊತ್ತದ ಕೊನೆಗೂ "/-" ಇತ್ತು. ಅದು ಇದ್ದರೆ ಶೀಟು ಆ ಸಂಖ್ಯೆಯನ್ನು ಬರೀ ಅಕ್ಷರ ಅಂದುಕೊಳ್ಳುತ್ತದೆ, `SUM` ಅದನ್ನು ಸುಮ್ನೆ ಬಿಟ್ಟು ಮುಂದೆ ಹೋಗುತ್ತದೆ. ಎಂಟೂ ಸಾಲಿನಲ್ಲಿ ಇದ್ದದ್ದು ಒಳ್ಳೆಯದೇ ಆಯಿತು. ಒಂದೇ ಸಾಲಿನಲ್ಲಿ ಇದ್ದಿದ್ದರೆ ಒಟ್ಟು ಕಡಿಮೆ ಬರುತ್ತಿತ್ತು, ತಪ್ಪು ಕರಾರಿನದೇ ಅಂತ ಹುಡುಕುತ್ತಾ ಕೂರುತ್ತಿದ್ದೆ.

ಜನವರಿ 4

"/-" ತೆಗೆದು ಮತ್ತೆ ಕೂಡಿದೆ.

```
=SUM(C2:C9)-$H$1
```

ಉತ್ತರ 36,000. ಅಂದರೆ ಎಂಟು ಕಂತು ಸೇರಿದರೆ 26,68,500 ಆಗುತ್ತದೆ. ಕೆಳಗಿನ ಒಟ್ಟನ್ನು ಕೂಡಿ ಬರೆದಿಲ್ಲ, ಹಾಗೇ ಟೈಪ್ ಮಾಡಿದ್ದಾರೆ.

ತಪ್ಪು ಎಲ್ಲಿದೆ ಅಂತ ಹುಡುಕಲು ಹಳೆಯ ಲೆಕ್ಕಿಗರ ಒಂದು ಉಪಾಯ ಇದೆ. ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಬೇಕು. ಶೇಷ ಇಲ್ಲದೆ ಹೋದರೆ ಎಲ್ಲೋ ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾಗಿರಬಹುದು. 36,000ವನ್ನು 9ರಿಂದ ಭಾಗಿಸಿದರೆ 4,000. ಹಾಗಾದರೆ ಹತ್ತು ಸಾವಿರದ ಮತ್ತು ಸಾವಿರದ ಜಾಗದಲ್ಲಿರುವ ಅಂಕಿಗಳ ನಡುವೆ 4ರ ಅಂತರ ಇರಬೇಕು. ಮೊತ್ತ ಜಾಸ್ತಿ ಬಂದಿದೆ, ಆದ್ದರಿಂದ ದೊಡ್ಡ ಅಂಕಿ ಮುಂದೆ ಕೂತಿರಬೇಕು.

ಅಂಥವು ಎರಡು ಸಿಕ್ಕವು. ಸ್ಲ್ಯಾಬಿನ 5,62,500 ಮತ್ತು ಬಣ್ಣದ 1,84,275. ಈ ಉಪಾಯ ಅನುಮಾನದವರೆಗೆ ಮಾತ್ರ ಕರೆದುಕೊಂಡು ಹೋಗುತ್ತದೆ. ಒಂಬತ್ತರಲ್ಲಿ ಒಂದು ಸಲ ಬೇರೆ ಯಾವ ತಪ್ಪಾದರೂ ಹೀಗೇ ಶೇಷವಿಲ್ಲದೆ ಹೋಗಬಹುದು. ಯಾವ ಸಾಲು ಅಂತ ಗಟ್ಟಿ ಮಾಡಲು ಶೇಕಡಾ ಬೇಕು.

```
=ROUND($H$1*B2/100,0)-C2
```

ಇದನ್ನು ಕೆಳಗಿನವರೆಗೆ ಎಳೆದೆ. ಏಳು ಸಾಲಿನಲ್ಲಿ 0, ಸ್ಲ್ಯಾಬಿನ ಸಾಲಿನಲ್ಲಿ -36000. 20% ಅಂದರೆ 5,26,500. ಪ್ಲಿಂತ್‌ಗೂ ಅದೇ 20%, ಅಲ್ಲಿ 5,26,500 ಅಂತ ಸರಿಯಾಗೇ ಇದೆ. ಎರಡು ಸಾಲು ಕೆಳಗೆ 26 ಹೋಗಿ 62 ಆಗಿದೆ, ಅಷ್ಟೇ.

ಜನವರಿ 6

ಇವತ್ತು ತಾರೀಖುಗಳು. ಇಲ್ಲಿ ಹೆಚ್ಚು ಹೊತ್ತು ಹಿಡಿಯಿತು.

ಕಾಪಿ ಮಾಡಿ ಹಾಕಿದ ತಾರೀಖುಗಳಲ್ಲಿ ಮೂರು ಬಲಕ್ಕೆ ಅಂಟಿಕೊಂಡಿದ್ದವು, ಐದು ಎಡಕ್ಕೆ. ನನ್ನ ಶೀಟು ಅಮೆರಿಕದ ಕ್ರಮದಲ್ಲಿ ಇತ್ತು, ಅಂದರೆ ತಿಂಗಳು ಮೊದಲು. 12/01/2026 ಅನ್ನು ಅದು ಡಿಸೆಂಬರ್ 1 ಅಂತ ಓದಿಕೊಂಡು ಬಲಕ್ಕೆ ಇಟ್ಟಿದೆ. 20/02ಕ್ಕೆ ಇಪ್ಪತ್ತನೇ ತಿಂಗಳು ಇಲ್ಲವಲ್ಲ, ಅದಕ್ಕೆ ಬರೀ ಅಕ್ಷರ ಅಂತ ಎಡಕ್ಕೆ ಬಿಟ್ಟಿದೆ. ಎಡಕ್ಕೆ ಬಿದ್ದದ್ದು ಎರರ್ ತೋರಿಸುತ್ತದೆ, ಗೊತ್ತಾಗುತ್ತದೆ. ಬಲಕ್ಕೆ ಕೂತದ್ದು ಕಣ್ಣಿಗೆ 12/01/2026 ಅಂತಲೇ ಕಾಣುತ್ತದೆ, ಒಳಗೆ ಡಿಸೆಂಬರ್ ಆಗಿರುತ್ತದೆ. ಅಪಾಯ ಇರುವುದು ಅದರಲ್ಲೇ. `File → Settings → Locale`ನಲ್ಲಿ `India` ಮಾಡಿ ಎಂಟೂ ತಾರೀಖನ್ನು ಹೊಸದಾಗಿ ಟೈಪ್ ಮಾಡಿದೆ. ಸೆಟ್ಟಿಂಗ್ ಬದಲಿಸಿದ ಮಾತ್ರಕ್ಕೆ ಮೊದಲೇ ತಪ್ಪಾಗಿ ಓದಿದ್ದು ಸರಿಯಾಗುವುದಿಲ್ಲ.

ಆಮೇಲೆ ಪ್ರತಿ ಕಂತಿಗೂ ಹಿಂದಿನ ಕಂತಿಗೂ ನಡುವೆ ಎಷ್ಟು ದಿನ ಅಂತ ನೋಡಿದೆ.

```
=D3-D2
```

ಬಂದದ್ದು 39, 44, 35, 9, 67, 26, 26. ತಾರೀಖುಗಳು ಒಂದಾದ ಮೇಲೆ ಒಂದು ಕ್ರಮವಾಗಿಯೇ ಇವೆ. ಕ್ರಮ ಮಾತ್ರ ನೋಡಿದ್ದರೆ ಏನೂ ಸಿಗುತ್ತಿರಲಿಲ್ಲ. ಆದರೆ 9ರ ಪಕ್ಕದಲ್ಲೇ 67 ಕೂತಿದೆ ನೋಡಿ. ಸ್ಲ್ಯಾಬಿಗೆ ಮೇ 10, ಗಿಲಾವು ಮುಗಿದದ್ದಕ್ಕೆ ಮೇ 19, ಫರಸಿಗೆ ಜುಲೈ 25.

ಸ್ಲ್ಯಾಬ್ ಹಾಕಿದ ಒಂಬತ್ತು ದಿನಕ್ಕೆ ಗಿಲಾವು ಮುಗಿಯುವ ಮಾತೇ ಇಲ್ಲ. ಕಾಂಕ್ರೀಟಿನ ಸಂಹಿತೆ ಐಎಸ್ 456ರ ಪ್ರಕಾರ ಬಿಸಿಯಾದ ಒಣ ಹವೆಯಲ್ಲಿ ನೀರುಣಿಸುವುದು 10 ದಿನಕ್ಕಿಂತ ಕಡಿಮೆ ಇರಬಾರದು. ವಿಜಯಪುರದ ಮೇ ತಿಂಗಳಿಗಿಂತ ಬಿಸಿ, ಒಣ ಹವೆ ಬೇಕೇ? ಸ್ಲ್ಯಾಬಿನ ಕೆಳಗಿನ ಆಧಾರದ ಕಂಬಗಳು ನಾಲ್ಕೂವರೆ ಮೀಟರ್ ಒಳಗಿನ ಅಗಲಕ್ಕೆ ಕನಿಷ್ಠ 7 ದಿನ, ಅದಕ್ಕಿಂತ ಜಾಸ್ತಿ ಇದ್ದರೆ 14 ದಿನ ಇರಬೇಕು. ಕಾಕಾನ ಹಾಲ್ ಐದು ಮೀಟರ್ ಅಗಲ. ಮೇ 19ಕ್ಕೆ ಅಲ್ಲಿ ಸೆಂಟ್ರಿಂಗ್ ಇನ್ನೂ ನಿಂತೇ ಇರುತ್ತದೆ.

ಅದನ್ನು ಜೂನ್ 19 ಅಂತ ಮಾಡಿ ನೋಡಿದೆ. 9 ಮತ್ತು 67ರ ಜಾಗದಲ್ಲಿ 40 ಮತ್ತು 36 ಬಂದವು. ಉಳಿದ ಅಂತರಗಳ ಜೊತೆ ಹೊಂದಿಕೊಂಡವು. ತಿಂಗಳಿನ ಒಂದು ಅಂಕಿ ತಪ್ಪಿದೆ.

ಜನವರಿ 9

ಸಂಜೆ ಗುತ್ತಿಗೆದಾರರು, ಕಾಕಾ, ನಾನು ಕೂತೆವು. ಶೀಟಿನ ಪ್ರಿಂಟ್ ತೋರಿಸಿದೆ. ಗುತ್ತಿಗೆದಾರರು ತಮ್ಮ ಡೈರಿ ತೆಗೆದರು. ಅದರಲ್ಲಿ ಸ್ಲ್ಯಾಬಿಗೆ 5,26,500 ಅಂತಲೇ ಇತ್ತು, ಗಿಲಾವಿಗೆ ಜೂನ್ 19. "ಟೈಪಿನ್ಯಾಗ ಆಗೇದ್ರಿ, ತಿದ್ದಸೋಣ" ಅಂದರು. ಎರಡು ನಿಮಿಷದಲ್ಲಿ ಮುಗಿಯಿತು.

ಮುಗಿಯದೇ ಉಳಿದದ್ದು ಪಟ್ಟಿಯ ಕೆಳಗಿನ ಒಂದು ಸಾಲು: "ಹಂತ ಮುಗಿದ ದಿನ ಅಥವಾ ಮೇಲಿನ ದಿನಾಂಕ, ಯಾವುದು ಮೊದಲೋ ಆಗ ಕಂತು ಕೊಡತಕ್ಕದ್ದು." ಈ "ಮೊದಲೋ" ಇದ್ದರೆ ಕೆಲಸ ಆಗದಿದ್ದರೂ ತಾರೀಖು ಬಂದ ತಕ್ಷಣ ದುಡ್ಡು ಕೊಡಬೇಕು. ಮೇ 19 ಹಾಗೇ ಉಳಿದಿದ್ದರೆ ಸೆಂಟ್ರಿಂಗ್ ಬಿಚ್ಚುವ ಮುಂಚೆಯೇ ಗಿಲಾವಿನ 3,94,875 ಕೊಡಬೇಕಾಗುತ್ತಿತ್ತು. "ಯಾವುದು ತಡವೋ" ಅಂತ ಮಾಡಿ ಎಂದೆ.

ಅವರು ಒಪ್ಪಲಿಲ್ಲ, ಅವರ ಮಾತಿನಲ್ಲೂ ನ್ಯಾಯ ಇತ್ತು. "ನಾವು ಲಗೂ ಮುಗಿಸಿದ್ರೂ ತಾರೀಖಿನ ತನಕ ಕಾಯಬೇಕೇನ್ರಿ? ಗೌಂಡಿಗಳಿಗೆ ಪ್ರತಿ ವಾರ ಪಗಾರ ಕೊಡಬೇಕ್ರಿ." ಕೊನೆಗೆ ಹಣವನ್ನು ಕೆಲಸಕ್ಕೆ ಮಾತ್ರ ಕಟ್ಟಿದೆವು. ಹಂತ ಮುಗಿದು ಇಬ್ಬರೂ ಸೈಟಿನಲ್ಲಿ ನೋಡಿದ ಏಳು ದಿನದೊಳಗೆ ಕಂತು. ತಾರೀಖಿನ ಕಾಲಮ್ಮಿನ ತಲೆಬರಹ "ಕೊಡಬೇಕಾದ ದಿನ" ಇದ್ದದ್ದು "ಕೆಲಸ ಮುಗಿಸುವ ಅಂದಾಜು ದಿನ" ಆಯಿತು. ಪ್ರತಿ ಕಂತನ್ನೂ ಅಕ್ಷರದಲ್ಲಿ ಬರೆಸಲು ಕಾಕಾ ಹೇಳಿದರು. 26 ಮತ್ತು 62 ಅಂಕಿಯಲ್ಲಿ ಅದಲುಬದಲಾದ ಹಾಗೆ "ಇಪ್ಪತ್ತಾರು ಸಾವಿರ" ಅಷ್ಟು ಸುಲಭಕ್ಕೆ ಅರವತ್ತೆರಡು ಆಗುವುದಿಲ್ಲ, ಅಲ್ವಾ?

ಜನವರಿ 12

ತಿದ್ದಿದ ಪ್ರತಿ ಬೆಳಿಗ್ಗೆ ಬಂತು. ಪಟ್ಟಿಯನ್ನು ಪೂರ್ತಿ ಮತ್ತೆ ಟೈಪ್ ಮಾಡಿದ್ದರು, ಹಾಗಾಗಿ ನಾನೂ ಎಂಟು ಸಾಲನ್ನು ಹೊಸ ಪುಟದಿಂದಲೇ ಮತ್ತೆ ಹಾಕಿದೆ. ವ್ಯತ್ಯಾಸ 0, ಶೇಕಡಾ ಕಾಲಮ್ಮಿನಲ್ಲಿ ಎಂಟೂ 0, ಅಂತರ 39, 44, 35, 40, 36, 26, 26. ಪ್ರತಿ ಪುಟಕ್ಕೂ ಇಬ್ಬರೂ ಸಹಿ ಹಾಕಿದರು. ಕಾಕಾ 2,63,250ರ ಚೆಕ್ ಬರೆದು ಕೊಟ್ಟರು.