‘ಅಲ್’ ಕಳಚಿ ನೋಡಿದರೆ ಸಿಗುವುದು: ಸ್ಪ್ಯಾನಿಷ್ ಕಲಿಸುವವರ ಟಿಪ್ಪಣಿ

ಸ್ಪ್ಯಾನಿಷ್ ಕಲಿಯುವವರ ಬರಹ ತಿದ್ದುವಾಗ ಪದೇಪದೇ ಎದುರಾಗುವ ತಪ್ಪು ‘ಅಲ್ಮೋಆದಾ’. ದಿಂಬು ಎಂದರ್ಥ. ನಡುವೆ ಒಂದು ಎಚ್ ಅಕ್ಷರವಿದೆ, ಆದರೆ ಉಚ್ಚಾರಣೆಯಿಲ್ಲ. ಕೇಳಿದ್ದನ್ನೇ ಬರೆದರೆ ಅದು ಬಿಟ್ಟುಹೋಗುತ್ತದೆ. ನೂರು ಸಲ ಬರೆಸುವುದಕ್ಕಿಂತ ಪದವನ್ನು ಬಿಡಿಸಿ ತೋರಿಸುವುದೇ ಮೇಲು.

ಮೊದಲು ‘ಅಲ್’ ಬೇರ್ಪಡಿಸಿ. ಅರಬ್ಬಿಯಲ್ಲಿ ಅದು ಇಂಗ್ಲಿಷಿನ ‘ದಿ’ ಇದ್ದ ಹಾಗೆ, ನಾಮಪದದ ಮುಂದೆ ಬರುವ ಉಪಪದ. 711ರಲ್ಲಿ ಮುಸ್ಲಿಂ ಸೇನೆ ಐಬೀರಿಯಕ್ಕೆ ಬಂದದ್ದರಿಂದ 1492ರಲ್ಲಿ ಗ್ರಾನಡಾ ಕೈತಪ್ಪುವವರೆಗೆ ಅಲ್ಲಿ ಅರಬ್ಬಿ ಆಡುಮಾತಾಗಿತ್ತು. ಜನ ಉಪಪದವನ್ನೂ ಪದದ ಭಾಗವೆಂದೇ ಎತ್ತಿಕೊಂಡರು. ಹಾಗಾಗಿ ಇಟಲಿಯವರ ‘ಕೊತೋನೆ’, ಅಂದರೆ ಹತ್ತಿ, ಸ್ಪೇನಿನಲ್ಲಿ ‘ಅಲ್ಗೋದೋನ್’. ಈಗ ಅದರ ಮುಂದೆ ಸ್ಪ್ಯಾನಿಷ್ ಉಪಪದ ‘ಎಲ್’ ಕೂಡ ಸೇರುತ್ತದೆ: ಉಪಪದದ ಮೇಲೊಂದು ಉಪಪದ!

ದಿಂಬಿನಲ್ಲಿ ‘ಅಲ್’ ತೆಗೆದರೆ ಉಳಿಯುವುದು ಅರಬ್ಬಿಯ ‘ಮಿಖದ್ದ’. ‘ಖದ್ದ್’ ಎಂದರೆ ಕೆನ್ನೆ. ಕೆನ್ನೆ ಇಡುವ ವಸ್ತು ದಿಂಬು. ಗಂಟಲಿನಿಂದ ಹೊರಡುವ ಆ ‘ಖ’ ಅಂದಿನ ಸ್ಪ್ಯಾನಿಷಿನಲ್ಲಿ ಇರಲಿಲ್ಲ. ಕಿವಿಗೆ ಹತ್ತಿರವಾಗಿದ್ದದ್ದು ಉಸಿರಿನ ‘ಹ’, ಅದಕ್ಕೆ ಎಚ್ ಬರೆದರು. ಮುಂದೆ ಕಾಸ್ಟೀಲಿನ ಮಾತಿನಿಂದ ಆ ‘ಹ’ ಅಳಿಯಿತು, ಅಕ್ಷರ ಮಾತ್ರ ಉಳಿಯಿತು. ಕಾಮಕಸ್ತೂರಿಗೆ ಹೇಳುವ ‘ಅಲ್ಬಾಆಕಾ’, ಒಡವೆಗೆ ಹೇಳುವ ‘ಅಲಾಹಾ’ ಎರಡರಲ್ಲೂ ಇದೇ ಕಥೆ. ‘ಅಲಾಹಾ’ದಲ್ಲಿ ಎಲ್ ನಂತರದ ಎಚ್ ಮೂಕ, ಕೇಳಿಸುವ ‘ಹ’ ಜೆ ಅಕ್ಷರದ್ದು. ಅನುಮಾನ ಬಂದಾಗ ಪೋರ್ಚುಗೀಸ್ ನೋಡಿ: ಅಲ್ಲಿ ದಿಂಬು ‘ಅಲ್ಮೊಫಾದಾ’. ಪೋರ್ಚುಗೀಸಿನಲ್ಲಿ ಎಫ್ ಇದ್ದು ಸ್ಪ್ಯಾನಿಷಿನಲ್ಲಿ ಆ ಜಾಗದಲ್ಲಿ ಏನೂ ಕೇಳಿಸದಿದ್ದರೆ ಅಲ್ಲಿ ಎಚ್ ಬರೆಯಬೇಕು ಎಂದುಕೊಳ್ಳಬಹುದು.

ಆದರೆ ಎಚ್ ಎಲ್ಲೇ ಕಂಡರೂ ಗಂಟಲಿನ ಶಬ್ದವೇ ಮೂಲ ಎಂದುಕೊಂಡರೆ ಎಡವುತ್ತೀರಿ. ಧಾನ್ಯದ ಮಂಡಿಗೆ ಹೇಳುವ ‘ಅಲೋಂದಿಗಾ’ದ ಎಚ್ ಬಂದದ್ದು ‘ಫುಂದುಕ್’ ಎಂಬ ಪದದ ‘ಫ’ದಿಂದ. ಲ್ಯಾಟಿನ್ ಪದಗಳಲ್ಲೂ ಸ್ಪ್ಯಾನಿಷ್ ಹೀಗೆಯೇ ಎಫ್ ಅನ್ನು ಎಚ್ ಮಾಡಿದ್ದುಂಟು.

ಕನ್ನಡಿಗರಿಗೆ ಸಲೀಸಾಗಿ ನೆನಪಿರುವುದು ಇನ್ನೊಂದು ಅಕ್ಷರ. ಅರಬ್ಬಿಯ ‘ದಾದ್’ ಅನ್ನು ಹಿಂದೆ ನಾಲಗೆಯ ಪಕ್ಕದಿಂದ ಗಾಳಿ ಬಿಟ್ಟು, ‘ಲ’ಕಾರದ ಛಾಯೆಯಿಟ್ಟು ಉಚ್ಚರಿಸುತ್ತಿದ್ದರು. ನ್ಯಾಯಾಧೀಶನಿಗೆ ಹೇಳುವ ‘ಕಾದಿ’ಯಲ್ಲಿ ಇರುವುದು ಅದೇ. ಸ್ಪೇನಿನವರಿಗೆ ಅದು ‘ಲ್ದ’ ಎಂದು ಕೇಳಿಸಿ, ‘ಅಲ್ಕಾಲ್ದೆ’ ಹುಟ್ಟಿತು. ಮೊದಲು ಅವನು ನ್ಯಾಯ ತೀರಿಸುವವನೇ, ಈಗ ಊರಿನ ಮೇಯರ್. ಪದದಲ್ಲಿರುವ ಎರಡನೆಯ ಎಲ್ ‘ಅಲ್’ನದಲ್ಲ, ದಾದ್‌ನದು. ಹಳ್ಳಿಗೆ ಹೇಳುವ ‘ಅಲ್ದೇಆ’ದಲ್ಲೂ ‘ಲ್ದ’ ಜೋಡಿ ಇದೆ, ಕಾರಣವೂ ಅದೇ.

ಅದೇ ದಾದ್ ಪರ್ಷಿಯನ್ ಹಾದಿಯಲ್ಲಿ ಭಾರತಕ್ಕೆ ಬರುವಾಗ ‘ಜ’ ಆಯಿತು. ಸ್ಪೇನಿನ ಅಲ್ಕಾಲ್ದೆ ನಮ್ಮಲ್ಲಿ ಖಾಜಿ. ಸೈನ್ಯದ ತಪಾಸಣೆ, ಒಪ್ಪಿಸುವಿಕೆ ಎಂಬರ್ಥದ ‘ಅರ್ದ್’ ಸ್ಪೇನಿನಲ್ಲಿ ‘ಅಲಾರ್ದೆ’ ಆಯಿತು. ಸೇನಾ ಪ್ರದರ್ಶನದ ಅರ್ಥ ಜಾರಿ ಇಂದು ಹೆಚ್ಚಾಗಿ ಬಡಾಯಿ, ಆಡಂಬರಕ್ಕೆ ಬಳಕೆ. ನಮ್ಮ ತಾಲ್ಲೂಕು ಕಚೇರಿಯಲ್ಲಿ ಆ ‘ಅರ್ದ್’ ‘ಅರ್ಜಿ’ಯಾಗಿ ಕೂತಿದೆ! ಕನ್ನಡದಲ್ಲಿ ‘ಜ’, ಸ್ಪೇನಿನಲ್ಲಿ ‘ದ’ ಎಂಬ ಈ ಜೋಡಿ ಗೊತ್ತಿದ್ದರೆ ‘ಅಲ್ಕಾಲ್ದೆ’ಯಲ್ಲಿ ಡಿ ಬರೆಯಲು ಯಾರೂ ತಡವರಿಸುವುದಿಲ್ಲ.

‘ವ’ಕಾರದ ಗತಿಯೂ ಸ್ವಾರಸ್ಯದ್ದು. ‘ವಜೀರ್’ ಸ್ಪೇನಿನಲ್ಲಿ ‘ಅಲ್ಗ್ವಾಸಿಲ್’. ಪದದಲ್ಲಿ ಜಿ ಮತ್ತು ಯು ಬರುವುದು ಈ ‘ವ’ದಿಂದ. ಮಂತ್ರಿಯಾಗಿದ್ದವನು ಅಲ್ಲಿ ಕೋರ್ಟಿನ ಆಜ್ಞೆ ಜಾರಿ ಮಾಡುವ ಕೆಳ ಅಧಿಕಾರಿಯಾದ.

ಹಾಗೆಂದು ‘ಅಲ್’ ಕಂಡದ್ದೆಲ್ಲ ಅರಬ್ಬಿಯಲ್ಲ. ಆತ್ಮ ಎಂಬರ್ಥದ ‘ಆಲ್ಮಾ’ ಲ್ಯಾಟಿನ್ನಿನ ‘ಅನಿಮಾ’ದಿಂದ ಬಂದದ್ದು, ಅದರಲ್ಲಿ ಬಿಡಿಸಲು ಉಪಪದವೇ ಇಲ್ಲ. ಮಧ್ಯಾಹ್ನದ ಊಟಕ್ಕೆ ಹೇಳುವ ‘ಅಲ್ಮ್ವೆರ್ಸೋ’ ಇನ್ನೂ ಕಪಟಿ. ಬೇರು ಲ್ಯಾಟಿನ್ನಿನ ‘ಕಚ್ಚು’ ಧಾತು, ಮೊದಲ ಉಚ್ಚಾರ ‘ಅದ್’ ಇತ್ತು. ಸುತ್ತ ಅರಬ್ಬಿ ಪದಗಳ ದಂಡೇ ಇದ್ದುದರಿಂದ ಅದೂ ‘ಅಲ್’ ವೇಷ ಹಾಕಿಕೊಂಡಿತು. ಬಾದಾಮಿ ಎಂಬರ್ಥದ ‘ಅಲ್ಮೆಂದ್ರಾ’ ಕೂಡ ಹೀಗೆಯೇ.

ತಿರುವುಮುರುವೂ ಉಂಟು. ಸಕ್ಕರೆಗೆ ಹೇಳುವ ‘ಅಸೂಕಾರ್’ನಲ್ಲಿ ‘ಲ’ ಕಾಣದಿದ್ದರೂ ಉಪಪದವಿದೆ. ಅರಬ್ಬಿಯಲ್ಲಿ ‘ಸ’, ‘ರ’, ‘ನ’ದಂಥ ಅಕ್ಷರಗಳ ಮುಂದೆ ‘ಲ’ ಅದೇ ಅಕ್ಷರವಾಗಿ ಬದಲಾಗುತ್ತದೆ: ಅಲ್-ಸುಕ್ಕರ್ ಎಂದು ಬರೆದು ಅಸ್ಸುಕ್ಕರ್ ಎನ್ನುತ್ತಾರೆ. ‘ಅರ್ರೋಸ್’, ಅಂದರೆ ಅಕ್ಕಿ, ಹೀಗೆ ಬಂದದ್ದು. ಎರಡು ‘ರ್’ಗಳಲ್ಲಿ ಒಂದು ಈ ‘ಲ’ದ್ದೇ. ತೀರ್ಮಾನಿಸುವ ಮುಂಚೆ ರಾಯಲ್ ಅಕಾಡೆಮಿ ನಿಘಂಟಿನಲ್ಲಿ ವ್ಯುತ್ಪತ್ತಿಯ ಸಾಲು ನೋಡಿ. `ár. hisp.` ಎಂದಿದ್ದರೆ ಐಬೀರಿಯದ ಅರಬ್ಬಿ, ಬರೀ `lat.` ಎಂದಿದ್ದರೆ ಲ್ಯಾಟಿನ್. ‘ಅಲ್ಮ್ವೆರ್ಸೋ’ಗೆ ಅಲ್ಲಿ ಲ್ಯಾಟಿನ್ ಮೂಲವನ್ನೇ ಕೊಟ್ಟಿದ್ದಾರೆ.