ಬೇಡರ ವೇಷ ನಡುಗಿದ್ದು ಯಾಕೆ

ಶಿರಸಿಯಲ್ಲಿ ಮಾರಿಕಾಂಬೆ ಜಾತ್ರೆ ಇಲ್ಲದ ವರ್ಷ ಹೋಳಿ ಹತ್ತಿರ ಬಂತೆಂದರೆ ಊರಿಗೆಲ್ಲ ಬೇಡರ ವೇಷದ ಗುಂಗು. ನನ್ನ ಸೈಬರ್‌ಗೆ ಆಗ ಪಹಣಿ, ಆಧಾರ್ ಹಿಡಿದು ಬರುವವರು ಕಡಿಮೆ. ಗೀರು ಬಿದ್ದ ಡಿವಿಡಿ ತಂದು "ಅಣ್ಣ, ಇದನ್ನ ಮೊಬೈಲಿಗೆ ಹಾಕ್ಕೊಡು" ಅನ್ನುವವರೇ ಜಾಸ್ತಿ. ಈ ಸಲ ವೇಷ ಕಟ್ಟುವ ಹುಡುಗರಿಗೆ ಹಳಬರ ಹೆಜ್ಜೆ ನೋಡಿ ಕಲಿಯಬೇಕು, ಆದರೆ ಡಿವಿಡಿ ಪ್ಲೇಯರ್ ಯಾರ ಮನೆಯಲ್ಲೂ ಇಲ್ಲ.

ಡಿಸ್ಕ್ ಒರೆಸುವುದು, ವಿಓಬಿ ಇಳಿಸುವುದು ಎಲ್ಲರಿಗೂ ಗೊತ್ತಿರುವ ಕೆಲಸ, ಬಿಟ್ಟುಬಿಡುತ್ತೇನೆ. ನನ್ನ ರಾತ್ರಿಗಳನ್ನೆಲ್ಲ ತಿಂದಿದ್ದು 2009ರ ಒಂದು ಡಿಸ್ಕ್.

ತಂದಿದ್ದು ಈ ಸಲ ವೇಷ ಹಾಕುವ ಹುಡುಗ. ಡಿಸ್ಕಿನಲ್ಲಿ ಕುಣಿದಿರುವುದು ಅವನ ದೊಡ್ಡಪ್ಪ. ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ ಗುರಾಣಿ, ಸೊಂಟದ ಹಗ್ಗ ಹಿಡಿದು ಜಗ್ಗುವ ಇಬ್ಬರು, ಸುತ್ತ ಹಲಗೆ. ರಾತ್ರಿ ಬೆಳಕಿನಲ್ಲಿ ಆ ಗರಿ ಗಿರ್ರನೆ ತಿರುಗುವುದಕ್ಕಿಂತ ಕಷ್ಟದ ದೃಶ್ಯ ಕನ್ವರ್ಷನ್‌ಗೆ ಸಿಗಲಿಕ್ಕಿಲ್ಲ. ಸುಮ್ಮನೆ ಎಂಪಿ4 ಮಾಡಿದರೆ ಗರಿಯ ಅಂಚಿನಲ್ಲೆಲ್ಲ ಬಾಚಣಿಗೆ ಹಲ್ಲು. ಇಂಟರ್‌ಲೇಸ್ ಕಾಟ ಎಂದು ನಿಮಗೆ ಆಗಲೇ ಗೊತ್ತಾಗಿರುತ್ತದೆ. ಪಾಲ್ ಡಿವಿಡಿಯ ಪ್ರತಿ ಫ್ರೇಮಿನಲ್ಲಿ ಎರಡು ಫೀಲ್ಡ್: ಒಂದು ಬಿಟ್ಟು ಒಂದು ಗೆರೆಯಲ್ಲಿ ಒಂದು ಕ್ಷಣದ ಚಿತ್ರ, ಉಳಿದ ಗೆರೆಗಳಲ್ಲಿ ಸೆಕೆಂಡಿನ ಐವತ್ತನೇ ಒಂದು ಭಾಗ ನಂತರದ್ದು.

ಇದಕ್ಕೆ ಮದ್ದು `yadif` ಎಂಬುದೂ ಗೊತ್ತಿರುವುದೇ. `yadif=0` ಹಾಕಿದರೆ ಹಲ್ಲು ಹೋಗಿ ಸೆಕೆಂಡಿಗೆ 25 ಚಿತ್ರ ಸಿಗುತ್ತದೆ. ಮದುವೆ ವಿಡಿಯೊಕ್ಕೆ ಅಷ್ಟು ಸಾಕು. ಆದರೆ ಈ ಹುಡುಗನಿಗೆ ಬೇಕಿದ್ದುದು ಕಾಲು. ಹೆಜ್ಜೆ ಎತ್ತಿದ್ದೆಲ್ಲಿ, ಊರಿದ್ದೆಲ್ಲಿ ಎಂದು ನಿಧಾನ ಮಾಡಿ ನೋಡುವಾಗ 25ರಲ್ಲಿ ಕಾಲು ಹಾರಿಹಾರಿ ಬೀಳುತ್ತದೆ. ಹಾಗಾಗಿ `yadif=1`. ಪ್ರತಿ ಫೀಲ್ಡಿಗೂ ಒಂದು ಪೂರ್ತಿ ಚಿತ್ರ, ಸೆಕೆಂಡಿಗೆ 50.

ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ. ಮಾರನೇ ದಿನ ದೊಡ್ಡಪ್ಪನೇ ಅಂಗಡಿಗೆ ಬಂದರು.

"ಎಂಥ ಮಾಡಿಟ್ಟೀಯಾ ಇದು? ಮೈಯೆಲ್ಲ ನಡುಗ್ತದಲ್ಲ! ನಾ ಅವತ್ತು ಕುಡಿದಿರಲಿಲ್ಲ ಮಾರಾಯ, ಹಗ್ಗ ಹಿಡಿದವರನ್ನೇ ಕೇಳು ಬೇಕಾದ್ರೆ."

ನೋಡಿದರೆ ನಿಜ. ನಿಂತಾಗ ಚೆನ್ನಾಗೇ ಇದೆ. ಕುಣಿಯಲು ಶುರು ಮಾಡಿದ ಕೂಡಲೇ ಗರಿ, ಕತ್ತಿ, ಹಲಗೆ ಬಡಿಯುವ ಕೈ ಎಲ್ಲ ಮುಂದೆ ಹೋಗಿ ಹಿಂದೆ ಬಂದು ಮತ್ತೆ ಮುಂದೆ ಹೋಗುತ್ತಿವೆ. ಮೊದಲು ಪೆನ್‌ಡ್ರೈವ್ ಮೇಲೆ ಅನುಮಾನ ಬಂತು, ಬರಬೇಕಾದ್ದೇ. ಹುಬ್ಬಳ್ಳಿಯಿಂದ ತರಿಸಿದ "64 ಜಿಬಿ" ಮಾಲು ಅದು. ಎಂಟು ಜಿಬಿ ಹತ್ತಿರ ಬರುವ ತನಕ ಸಭ್ಯವಾಗಿರುತ್ತದೆ, ಆಮೇಲೆ ಬರೆದಿದ್ದೆಲ್ಲ ಗಾಳಿಗೆ. ಫೈಲ್ ಹೆಸರು ಕಾಣುತ್ತದೆ, ತೆರೆಯುವುದಿಲ್ಲ. ಕೇಳಿದರೆ ಸಪ್ಲೈಯರ್ "ನಿಮ್ಮ ಕಂಪ್ಯೂಟರೇ ಹಳೇದು ಸರ್" ಅಂದ. ಹೊಸ ಪೆನ್‌ಡ್ರೈವ್ ಬಂದರೆ ಮೊದಲು `f3probe` ಓಡಿಸಿ, ಆಮೇಲೆ ದುಡ್ಡು ಕೊಡಿ. ಅದಿರಲಿ, ಈ ನಡುಕ ಹಾರ್ಡ್ ಡಿಸ್ಕಿನಲ್ಲಿದ್ದ ಫೈಲಿನಲ್ಲೂ ಇತ್ತು.

ಪ್ಲೇಯರಿನಲ್ಲಿ ಒಂದೊಂದೇ ಫ್ರೇಮ್ ಸರಿಸಿ ನೋಡಿದಾಗ ಸುಳಿವು ಸಿಕ್ಕಿತು. ಹಲಗೆ ಕೋಲು ಕೆಳಗಿಳಿಯಬೇಕಾದ ಕಡೆ ಚಿತ್ರಗಳು 2, 1, 4, 3 ಎಂಬ ಕ್ರಮದಲ್ಲಿ ಬರುತ್ತಿದ್ದವು. ಅಂದರೆ ಪ್ರತಿ ಫ್ರೇಮಿನ ಎರಡು ಫೀಲ್ಡ್‌ಗಳ ಸರದಿ ಅದಲುಬದಲು. `yadif=0` ಒಂದು ಫ್ರೇಮಿಗೆ ಒಂದೇ ಚಿತ್ರ ಕೊಡುವುದರಿಂದ ಸರದಿ ತಪ್ಪಿದ್ದರೂ ಅಲ್ಲಿ ಕಣ್ಣಿಗೆ ಬೀಳುವುದಿಲ್ಲ. ಇಷ್ಟು ವರ್ಷ ನೂರಾರು ಡಿಸ್ಕ್ ದಾಟಿಸಿದರೂ ಈ ಭೂತ ಎದ್ದಿರಲಿಲ್ಲ ಅಂದರೆ ಕಾರಣ ಇದೇ.

ಕಣ್ಣನ್ನೇ ನಂಬಿ ಕೂರಬಾರದು ಎಂದು ಎಣಿಸಿಯೂ ನೋಡಿದೆ:

```
ffmpeg -ss 600 -i disk.vob -map 0:v:0 -frames:v 500 -vf idet -f null -
```

`idet` ಡಿಸ್ಕ್ ಹೇಳುವ ಮಾತು ಕೇಳುವುದಿಲ್ಲ, ಚಿತ್ರದೊಳಗಿನ ಚಲನೆ ನೋಡಿ ತೀರ್ಮಾನ ಹೇಳುತ್ತದೆ. ಅದಕ್ಕೇ `-ss` ಕೊಟ್ಟು ಜೋರು ಕುಣಿತದ ಜಾಗಕ್ಕೇ ಹೋಗಬೇಕು. ಜನ ಸುಮ್ಮನೆ ನಿಂತ ದೃಶ್ಯ ಕೊಟ್ಟರೆ ಅದೂ `Undetermined` ಎಂದು ಕೈಚೆಲ್ಲುತ್ತದೆ. ನನಗೆ ಹೆಚ್ಚುಕಡಿಮೆ ಎಲ್ಲವೂ `BFF`, ಅಂದರೆ ಕೆಳಗಿನ ಫೀಲ್ಡ್ ಮೊದಲು. ಡಿಸ್ಕಿನ ಫೈಲಿನೊಳಗಿನ ಗುರುತು ಮಾತ್ರ ಮೇಲಿನ ಫೀಲ್ಡ್ ಮೊದಲು ಎನ್ನುತ್ತಿತ್ತು. ಗುರುತು ನಂಬಿದ `yadif` ಬೇಡನನ್ನು ನಡುಗಿಸಿತು.

ಮದ್ದು ಒಂದೇ ಪದ. `setfield=bff` ಅನ್ನು `yadif`ಗೆ ಮೊದಲು ಇಡಬೇಕು:

```
ffmpeg -i disk.vob -map 0:v:0 -map 0:a:0 \
 -vf "setfield=bff,yadif=1,scale=768:576,setsar=1" \
 -c:v libx264 -crf 20 -pix_fmt yuv420p \
 -c:a aac -b:a 128k -movflags +faststart vesha.mp4
```

768 ಯಾಕೆಂದರೆ ಡಿವಿಡಿಯ 720ರ ಪಿಕ್ಸೆಲ್ ಚೌಕ ಅಲ್ಲ. ಹಾಗೇ ಬಿಟ್ಟರೆ ಕೆಲವು ಮೊಬೈಲಿನಲ್ಲಿ ಬೇಡ ಸೊರಗಿದಂತೆ ಕಾಣುತ್ತಾನೆ. ಡಿಸ್ಕ್ 16:9 ಇದ್ದರೆ ಅಲ್ಲಿ 1024 ಹಾಕಿ.

ಓಡಿಸಿದೆ. ಗರಿ ನೀರು ಹರಿದ ಹಾಗೆ ತಿರುಗಿತು. ಆದರೆ ಈಗ ಶುರುವಿನಲ್ಲಿ ಪಕ್ಕದಿಂದ ಜಾರಿ ಬರುವ ಸ್ಟುಡಿಯೊ ಹೆಸರು ಚಳಿಜ್ವರ ಬಂದವರ ಥರ ನಡುಗತೊಡಗಿತು! ನಕ್ಕು ಸಾಕಾಯಿತು, ಯಾಕೆಂದರೆ ಕಾರಣ ಅಲ್ಲೇ ಬಯಲಾಯಿತು. ಶೂಟ್ ಮಾಡಿದ್ದು ಮಿನಿ ಡಿವಿ ಕ್ಯಾಮೆರಾದಲ್ಲಿ. ಡಿವಿ ಯಾವತ್ತೂ ಕೆಳಗಿನ ಫೀಲ್ಡ್ ಮೊದಲು. ಎಡಿಟ್ ಮಾಡಿದವನು ಪ್ರಾಜೆಕ್ಟನ್ನು ಮೇಲಿನ ಫೀಲ್ಡ್ ಮೊದಲು ಎಂದು ಇಟ್ಟಿದ್ದಾನೆ. ಟೈಟಲ್ ಅಲ್ಲೇ ಹುಟ್ಟಿದ್ದರಿಂದ ಅದು ಪ್ರಾಜೆಕ್ಟಿನ ಸರದಿ ಹಿಡಿಯಿತು, ಕುಣಿತ ಟೇಪಿನ ಸರದಿಯಲ್ಲೇ ಉಳಿಯಿತು. ಒಂದೇ ಡಿಸ್ಕಿನಲ್ಲಿ ಎರಡು ಪಂಗಡ. ಟೈಟಲ್ ಕತ್ತರಿಸಿ ಬೇರೆಯಾಗಿ ಸರಿ ಮಾಡಬಹುದಿತ್ತು. ಮಾಡಲಿಲ್ಲ. ಸ್ಟುಡಿಯೊದವನ ಹೆಸರು ನಡುಗಲಿ.

ಇದೇ ಭರವಸೆಯಲ್ಲಿ ಇನ್ನೊಬ್ಬರು ವಿಸಿಡಿ ತಂದರು. ಅದಕ್ಕೆ ಈ ಆಟ ನಡೆಯುವುದಿಲ್ಲ. ವಿಸಿಡಿ ಇರುವುದೇ 352×288. ಮಾಡುವಾಗಲೇ ಒಂದು ಫೀಲ್ಡ್ ಎಸೆದಿರುತ್ತಾರೆ. ಎಸೆದದ್ದನ್ನು ವಾಪಸ್ ತರುವ ಫಿಲ್ಟರ್ ಇಲ್ಲ. "ಮೊಬೈಲ್ ದೊಡ್ಡದು ತಗೊಂಡ್ರೆ ಆಗ್ತದಾ?" ಅಂತ ಕೇಳಿದರು. ಆಗುವುದಿಲ್ಲ ಎಂದು ಅರ್ಥ ಮಾಡಿಸಲು ಒಂದು ಚಹಾ ಖರ್ಚಾಯಿತು.

ಮುಂದಿನ ಹುಚ್ಚು ಏನೆಂದು ಈಗ ಊಹಿಸಿರುತ್ತೀರಿ: ಡಿಸ್ಕ್ ಯಾಕೆ, ಮೂಲ ಟೇಪನ್ನೇ ಹಿಡಿಯುವುದು. ಸ್ಟುಡಿಯೊದ ಅಟ್ಟದಲ್ಲಿ ಮಿನಿ ಡಿವಿ ಟೇಪ್ ಡಬ್ಬಿಗಳು ಇನ್ನೂ ಇವೆಯಂತೆ. ನಮ್ಮ ಮಲೆನಾಡಿನ ಮಳೆಗಾಲ ಕಂಡ ಟೇಪಿಗೆ ಬೂಸ್ಟು ಹಿಡಿದಿರುತ್ತದೆ, ನೋಡದೆ ಕ್ಯಾಮೆರಾಕ್ಕೆ ತುರುಕಿದರೆ ಹೆಡ್ಡಿಗೂ ಅಂಟುತ್ತದೆ. ಫೈರ್‌ವೈರ್ ಕಾರ್ಡ್ ಹುಡುಕುತ್ತಿದ್ದೇನೆ. `dvgrab` ಓಡಿಸಲು ಹಳೇ ಲಿನಕ್ಸ್ ಪೆಟ್ಟಿಗೆ ಸಿದ್ಧ. ಯಾರಲ್ಲಾದರೂ ಕಾರ್ಡ್ ಬಿದ್ದಿದ್ದರೆ ಹೇಳಿ. ಸಪ್ಲೈಯರ್ ಹೇಳಿದ ರೇಟಿಗೆ ಕ್ಯಾಮೆರಾನೇ ಬರುತ್ತದೆ.

ಫೈಲ್ ಕೊಡುವಾಗ ಹುಡುಗನಿಗೆ ಒಂದು ಮಾತು ಹೇಳಿದೆ: ಚಾಟ್‌ನಲ್ಲಿ ಗೆಳೆಯರಿಗೆ ಕಳಿಸುವುದಾದರೆ ವಿಡಿಯೊ ಅಂತ ಕಳಿಸಬೇಡ, ಅದು ಮತ್ತೆ ಹಿಸುಕುತ್ತದೆ, ಡಾಕ್ಯುಮೆಂಟ್ ಅಂತ ಕಳಿಸು. ಅವನು ಹೆಜ್ಜೆಗಾಗಿ ನಿಧಾನದ ಪ್ರತಿಯನ್ನೂ ಕೇಳಿದ. 50 ಚಿತ್ರ ಇರುವಾಗ ಅರ್ಧ ವೇಗ ಪುಕ್ಕಟೆ. `setpts=2*PTS` ಹಾಕಿ, ಅರ್ಧ ವೇಗದ ಸದ್ದಿಗೆ ಅರ್ಥವಿಲ್ಲ ಎಂದು `-an` ಮಾಡಿ ಕೊಟ್ಟೆ.

ಸಂಜೆ ದೊಡ್ಡಪ್ಪ ಮತ್ತೆ ಹಾಜರ್. ಮೊಬೈಲ್ ನನ್ನ ಮೇಜಿನ ಮೇಲಿಟ್ಟರು.

"ನಡುಕ ಹೋಯ್ತು, ಸರಿ. ಹಲಗೆ ಎಲ್ಲಿ ಹೋಯ್ತೋ? ಹಲಗೆ ಇಲ್ದೆ ಯಾವ ಪೆಟ್ಟಿಗೆ ಯಾವ ಕಾಲು ಅಂತ ಇವನಿಗೆ ಹ್ಯಾಂಗೆ ಗೊತ್ತಾಗ್ಬೇಕು?"

`-an` ತೆಗೆದು `-af atempo=0.5` ಹಾಕಿದೆ. ಲಯ ನಿಧಾನವಾಗುತ್ತದೆ, ಸ್ಥಾಯಿ ಇಳಿಯುವುದಿಲ್ಲ. ಪೆಟ್ಟಿನ ತುದಿ ಸ್ವಲ್ಪ ಒಡೆದಂತೆ ಕೇಳಿಸುತ್ತದೆ. ಅದಕ್ಕೆ ಅವರು ತಕರಾರು ಮಾಡಲಿಲ್ಲ. ಹುಡುಗನನ್ನು ಅಂಗಡಿ ಮುಂದಿನ ಕಟ್ಟೆ ಮೇಲೆ ನಿಲ್ಲಿಸಿ, ಎಡಗಾಲು ಮೊದಲು ಎಂದು ಬೈಯಲು ಶುರು ಮಾಡಿದರು.